ಗೋಡೆಗೇರುವ ಫೋಟೋದಲ್ಲಿ ಹೊಸ ಕೂದಲು, ಹೊಸ ಸೆರಗು

ಮದುವೆ ಮನೆಯಲ್ಲಿ ವಧು ಒಬ್ಬಳೇ ನಿಂತ ಚಿತ್ರ ಸಿಗುವುದು ಅಪರೂಪ. ಮುಖ ಚೆನ್ನಾಗಿ ಬಂದಿರುತ್ತದೆ, ಬೆಳಕೂ ಹದವಾಗಿರುತ್ತದೆ. ಆದರೆ ಪಕ್ಕದಲ್ಲಿ ಯಾರದೋ ಭುಜ ಅಡ್ಡ ಬಂದು ಜಡೆಯ ಅರ್ಧವನ್ನೂ ಸೆರಗಿನ ಒಂದು ಪಾಲನ್ನೂ ಮುಚ್ಚಿರುತ್ತದೆ. ಹಿಂದೆ ಇಂಥ ಚಿತ್ರವನ್ನು ಕತ್ತರಿಸಿ ಚಿಕ್ಕದು ಮಾಡುವುದೊಂದೇ ದಾರಿಯಾಗಿತ್ತು. 2023ರ ಮೇ ತಿಂಗಳಲ್ಲಿ ಅಡೋಬಿ ಕಂಪನಿ ಫೋಟೋಶಾಪ್‌ನ ಬೀಟಾ ಆವೃತ್ತಿಗೆ ಜನರೇಟಿವ್ ಫಿಲ್ ಎಂಬ ಸೌಲಭ್ಯ ಸೇರಿಸಿದ ಮೇಲೆ ಆ ಭುಜವನ್ನು ಸುತ್ತುಗಟ್ಟಿ ತೆಗೆದುಹಾಕುವುದು, ಅದರ ಜಾಗದಲ್ಲಿ ಇಲ್ಲದ ಕೂದಲನ್ನೂ ಇಲ್ಲದ ಬಟ್ಟೆಯನ್ನೂ ಬೆಳೆಸುವುದು ಸ್ಟುಡಿಯೋಗಳ ದಿನನಿತ್ಯದ ಕೆಲಸವಾಗಿದೆ.

ಮೊಬೈಲ್‌ ಪರದೆಯ ಮೇಲೆ ಈ ಕೆಲಸ ಗೊತ್ತೇ ಆಗುವುದಿಲ್ಲ. ಅದೇ ಚಿತ್ರವನ್ನು 20×30 ಇಂಚಿಗೆ ಹಿಗ್ಗಿಸಿ ಚೌಕಟ್ಟು ಹಾಕಿಸಿದಾಗ ಗೊತ್ತಾಗುತ್ತದೆ. ಮುಖದ ಬಳಿಯ ಕೂದಲು ಎಳೆ ಎಳೆಯಾಗಿ ಕಾಣುತ್ತದೆ, ಭುಜಕ್ಕೆ ಬರುವಷ್ಟರಲ್ಲಿ ಒದ್ದೆ ಬಣ್ಣ ಬಳಿದಂತೆ ಒಂದೇ ಮುದ್ದೆ. ಸೀರೆಯ ನೆರಿಗೆಯಲ್ಲಿ ನೇಯ್ಗೆಯ ಒರಟು ಇದ್ದಕ್ಕಿದ್ದಂತೆ ಮಾಯವಾಗಿ ಪ್ಲಾಸ್ಟಿಕ್‌ ಹಾಳೆಯ ನುಣುಪು ಬಂದಿರುತ್ತದೆ. ಇದನ್ನು ಕಂಡವರು ಸಾಮಾನ್ಯವಾಗಿ ಮಾಡುವುದು ಶಾರ್ಪ್ ಮಾಡುವ ಗುಂಡಿಯನ್ನು ಇನ್ನಷ್ಟು ತಿರುಗಿಸುವ ಕೆಲಸ. ನನ್ನ ದೃಷ್ಟಿಯಲ್ಲಿ ಕೆಡುವುದು ಅಲ್ಲೇ. ಶಾರ್ಪ್ ಮಾಡುವುದರಿಂದ ಇಲ್ಲದ ವಿವರ ಹುಟ್ಟುವುದಿಲ್ಲ. ವಿವರ ಹಿಗ್ಗಿಸುವುದಕ್ಕೆ ಮೊದಲೇ ತೇಪೆಯೊಳಗೆ ಬಂದಿರಬೇಕು.

ಏಕೆ ಹೀಗಾಗುತ್ತದೆಂದು ನೋಡಲು ಒಂದು ಚಿತ್ರವನ್ನೇ ಲೆಕ್ಕ ಹಾಕೋಣ. 24 ಮೆಗಾಪಿಕ್ಸೆಲ್‌ ಕ್ಯಾಮೆರಾದಲ್ಲಿ ನಿಲುವಾಗಿ ತೆಗೆದ ಚಿತ್ರ ಸುಮಾರು 4000 ಪಿಕ್ಸೆಲ್‌ ಅಗಲ, 6000 ಪಿಕ್ಸೆಲ್‌ ಎತ್ತರ ಇರುತ್ತದೆ. ಅದನ್ನು 20×30 ಇಂಚಿಗೆ ಹರಡಿದರೆ ಒಂದು ಇಂಚಿಗೆ 200 ಪಿಕ್ಸೆಲ್‌ ಸಿಗುತ್ತದೆ. ಭುಜ ತೆಗೆದು ತುಂಬಿದ ಜಾಗ 2400 ಪಿಕ್ಸೆಲ್‌ ಅಗಲ, ಅಷ್ಟೇ ಎತ್ತರ ಎಂದಿಟ್ಟುಕೊಳ್ಳಿ. ಜನರೇಟಿವ್ ಫಿಲ್ ಮೊದಲು ಬಂದಾಗ ಆಯ್ಕೆ ಎಷ್ಟೇ ದೊಡ್ಡದಿರಲಿ, ಅದು ರಚಿಸಿ ಕೊಡುತ್ತಿದ್ದುದು ಹೆಚ್ಚೆಂದರೆ 1024×1024 ಪಿಕ್ಸೆಲ್‌ನ ಚಿತ್ರವನ್ನು. ಅದನ್ನೇ ಎಳೆದು ಜಾಗ ತುಂಬಿಸುತ್ತಿತ್ತು. ಅಂದರೆ 12 ಇಂಚು ಅಗಲದ ಜಾಗಕ್ಕೆ 1024 ಪಿಕ್ಸೆಲ್‌, ಇಂಚಿಗೆ ಬರೀ 85. ಇಂಚಿಗೆ 200 ಇರುವ ಅಸಲಿ ಭಾಗದ ಮಗ್ಗುಲಲ್ಲೇ 85ರ ತೇಪೆ ಕೂತಿದೆ. ನಂತರ ಬಂದ ಮಾದರಿಗಳು ಇನ್ನೂ ದೊಡ್ಡದಾಗಿ ರಚಿಸುತ್ತವೆ, ವಿವರ ಹೆಚ್ಚಿಸುವ ಬೇರೆ ಗುಂಡಿಯೂ ಬಂದಿದೆ. ಆದರೂ ಯಾವ ಸಾಧನಕ್ಕಾದರೂ ಒಂದು ಮಿತಿ ಇದ್ದೇ ಇದೆ, ಆಯ್ಕೆ ಅದನ್ನು ಮೀರಿದರೆ ಎಳೆದು ಹಿಗ್ಗಿಸುವುದು ತಪ್ಪಿದ್ದಲ್ಲ.

ಈ ಅಂಕಿಗಳನ್ನು ಕೂದಲಿಗೂ ನೂಲಿಗೂ ಹೊಂದಿಸಿ ನೋಡಿದರೆ ವಿಷಯ ಇನ್ನೂ ಬಿಡಿಸಿಕೊಳ್ಳುತ್ತದೆ. ಚೌಕಟ್ಟಿನ ಅಗಲದಲ್ಲಿ 80 ಸೆಂಟಿಮೀಟರ್‌ನಷ್ಟು ದೃಶ್ಯ ಹಿಡಿದಿದೆ ಎನ್ನೋಣ. ಆಗ ವಧುವಿನ ಮೈಮೇಲಿನ ಒಂದು ಮಿಲಿಮೀಟರಿಗೆ ಐದು ಪಿಕ್ಸೆಲ್‌. ತಲೆಗೂದಲಿನ ದಪ್ಪ ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗಕ್ಕಿಂತ ಕಡಿಮೆ. ಹಾಗಾಗಿ ಅಸಲಿ ಫೋಟೋದಲ್ಲೂ ಒಂದು ಒಂಟಿ ಎಳೆ ಅರ್ಧ ಪಿಕ್ಸೆಲ್‌ನಷ್ಟು ಮಾತ್ರ. ನಾವು ಕೂದಲಿನ ವಿವರ ಎಂದು ನೋಡುವುದು ಹತ್ತಾರು ಎಳೆ ಕೂಡಿದ ಸಣ್ಣ ಜೊಂಪೆಗಳನ್ನು, ಅವುಗಳ ಮೇಲಿನ ಹೊಳಪಿನ ಗೆರೆಗಳನ್ನು, ಅಂಚಿನಲ್ಲಿ ಬಿಡಿಯಾಗಿ ಹಾರಿದ ಕೆಲವು ಎಳೆಗಳನ್ನು. ಬಟ್ಟೆಯಲ್ಲಿ ಇಂಚಿಗೆ 64 ಎಳೆ ಇವೆಯೆಂದರೆ ಅಸಲಿ ಚಿತ್ರದಲ್ಲಿ ಒಂದು ಎಳೆಗೆ ಎರಡು ಪಿಕ್ಸೆಲ್‌ ಸಿಗುತ್ತದೆ. ನೇಯ್ಗೆ ಕಾಣಲು ಬೇಕಾದ ಕನಿಷ್ಠವೇ ಅದು. ತೇಪೆಯಲ್ಲಿ ಒಂದು ಎಳೆಗೆ ಒಂದು ಪಿಕ್ಸೆಲ್‌ ಕೂಡ ಇಲ್ಲ, ಅಲ್ಲಿ ನೇಯ್ಗೆ ಇರಲು ಜಾಗವೇ ಇಲ್ಲ.

ಇನ್ನೊಂದು ಕಾರಣ ರಚಿಸುವ ಯಂತ್ರದ ಒಳಗೇ ಇದೆ. ಸ್ಟೇಬಲ್ ಡಿಫ್ಯೂಷನ್ ಬಗೆಯ ಮಾದರಿಗಳು ಚಿತ್ರವನ್ನು ಪಿಕ್ಸೆಲ್‌ಗಳಲ್ಲಿ ಬರೆಯುವುದಿಲ್ಲ. ಉದ್ದ ಅಗಲ ಎರಡನ್ನೂ ಎಂಟು ಪಟ್ಟು ಕುಗ್ಗಿಸಿದ ಒಂದು ಸಂಕ್ಷಿಪ್ತ ರೂಪದಲ್ಲಿ ಕೆಲಸ ಮಾಡಿ, ಕೊನೆಯಲ್ಲಿ ಅದನ್ನು ಬಿಡಿಸಿ ಚಿತ್ರ ಮಾಡುತ್ತವೆ. 1024 ಪಿಕ್ಸೆಲ್‌ನ ಚಿತ್ರ ಒಳಗೆ 128×128 ಮನೆಗಳ ಚೌಕ ಮಾತ್ರ. ಎಂಟು ಪಿಕ್ಸೆಲ್‌ಗಿಂತ ಸಣ್ಣದಾದ ಎಳೆ, ಹೂವಿನ ಕುಸುರಿ, ಅಂಚಿನ ಗೆರೆ ಇವೆಲ್ಲ ಬಿಡಿಸುವ ಹಂತದ ಊಹೆಯ ಮೇಲೆ ನಿಂತಿವೆ. ಆದ್ದರಿಂದಲೇ ಒಂದೇ ತೆರನಾಗಿ ಮರುಕಳಿಸುವ ಸಣ್ಣ ವಿನ್ಯಾಸಗಳು ಮೊದಲು ಕದಡುತ್ತವೆ.

ತೇಪೆಯಲ್ಲಿ ವಿವರ ನಿಜವಾಗಿ ಎಷ್ಟಿದೆಯೆಂದು ಕಣ್ಣಂದಾಜಿಗೆ ಬಿಡಬೇಕಿಲ್ಲ, ಅಳೆಯಬಹುದು. ಚಿತ್ರದ ಒಂದು ನಕಲು ತೆಗೆದು ಅದನ್ನು 50 ಶೇಕಡಕ್ಕೆ ಕುಗ್ಗಿಸಿ, ಮತ್ತೆ ಮೊದಲಿನ ಅಳತೆಗೆ ಹಿಗ್ಗಿಸಿ. ಅದನ್ನು ಮೂಲ ಚಿತ್ರದ ಮೇಲೆ ಲೇಯರ್ ಆಗಿ ಇಟ್ಟು, ಬ್ಲೆಂಡ್ ಮೋಡನ್ನು ಡಿಫರೆನ್ಸ್‌ಗೆ ಬದಲಿಸಿ. ಕುಗ್ಗಿಸಿದಾಗ ಎಲ್ಲೆಲ್ಲಿ ವಿವರ ಕಳೆದುಹೋಯಿತೋ ಅಲ್ಲೆಲ್ಲ ಮಸುಕಾದ ಗೆರೆಗಳು ಕಾಣುತ್ತವೆ. ಕಳೆದುಕೊಳ್ಳಲು ಏನೂ ಇಲ್ಲದ ಜಾಗ ಕಪ್ಪಾಗಿ ಉಳಿಯುತ್ತದೆ. ನಮ್ಮ ಉದಾಹರಣೆಯಲ್ಲಿ ಹಳೆಯ ಕೂದಲಿನ ಗೆರೆಗಳೆಲ್ಲ ಮೂಡಿ, ತೇಪೆ ಮಾತ್ರ ಕಪ್ಪು ಚೌಕವಾಗಿ ಎದ್ದು ಕಾಣುತ್ತದೆ. ಕಪ್ಪಾಗಿ ಕಂಡ ಆ ಚೌಕವನ್ನು ಹಾಗೆಯೇ ಹಿಗ್ಗಿಸಲು ಕಳಿಸಬಾರದು.

ಪರಿಹಾರ ತುಂಡು ತುಂಡಾಗಿ ರಚಿಸುವುದರಲ್ಲಿದೆ. ಮೊದಲ ಸುತ್ತಿನಲ್ಲಿ ಇಡೀ ಜಾಗವನ್ನು ಒಂದೇ ಆಯ್ಕೆಯಲ್ಲಿ ತುಂಬಿಸಿ: ಜಡೆ ಎಲ್ಲಿ ಇಳಿಯುತ್ತದೆ, ಸೆರಗಿನ ನೆರಿಗೆ ಎತ್ತ ಬೀಳುತ್ತದೆ, ನೆರಳು ಯಾವ ಕಡೆ ಎಂಬ ಆಕಾರ ಒಪ್ಪುವವರೆಗೆ ಮಾತ್ರ. ಎರಡನೆಯ ಸುತ್ತಿನಲ್ಲಿ ಅದೇ ಜಾಗವನ್ನು 900 ಪಿಕ್ಸೆಲ್‌ನ ಚೌಕಗಳಾಗಿ ವಿಂಗಡಿಸಿ, ಪಕ್ಕದ ಚೌಕಗಳು 150 ಪಿಕ್ಸೆಲ್‌ನಷ್ಟು ಒಂದರ ಮೇಲೊಂದು ಬರುವಂತೆ ಇಟ್ಟರೆ 2400ರ ಅಗಲಕ್ಕೆ ಮೂರು ಚೌಕ ಸರಿಯಾಗಿ ಹಿಡಿಸುತ್ತವೆ. ಸಾದಾ ಹಿನ್ನೆಲೆ ಇರುವ ಚೌಕಗಳನ್ನು ಮುಟ್ಟುವುದು ಬೇಡ. ಕೂದಲು, ಬಟ್ಟೆ ಇರುವ ಚೌಕಗಳನ್ನು ಒಂದೊಂದಾಗಿ ಮತ್ತೆ ರಚಿಸಿದರೆ ರಚಿಸಿದ ಪಿಕ್ಸೆಲ್‌ಗೂ ಚಿತ್ರದ ಪಿಕ್ಸೆಲ್‌ಗೂ ಬಹುತೇಕ ಒಂದಕ್ಕೊಂದು ಲೆಕ್ಕ ಬರುತ್ತದೆ. ಚೌಕಗಳ ಬೆಸುಗೆಯನ್ನು ನೆರಿಗೆಯ ನೆರಳಿನಲ್ಲಿ ಅಡಗಿಸಬೇಕು, ಬಯಲಾದ ಬಟ್ಟೆಯ ನಡುವೆ ಬಿಡಬಾರದು. ಕೂದಲಿಗೆ ಚೌಕಕ್ಕಿಂತ ಎಳೆ ಹರಿಯುವ ದಿಕ್ಕಿನಲ್ಲಿ ಉದ್ದವಾಗಿ ಮಾಡಿದ ಆಯ್ಕೆ ಒಳ್ಳೆಯದು. ಅಡ್ಡಲಾಗಿ ಕತ್ತರಿಸಿದರೆ ಎಳೆಗಳು ಗಡಿಯಲ್ಲಿ ಜಾರಿಹೋಗುತ್ತವೆ.

ಫೋಟೋಶಾಪ್‌ನಲ್ಲಿ ಈ ಎರಡನೆಯ ಸುತ್ತಿನ ತೊಂದರೆಯೆಂದರೆ, ಅದು ಆಯ್ಕೆಯೊಳಗಿದ್ದುದನ್ನು ಬಿಟ್ಟು ಹೊಸದನ್ನೇ ರಚಿಸಬಹುದು. ನೆರಿಗೆ ಜಾಗ ಬದಲಿಸಿದರೆ ಇನ್ನೊಂದು ಸಲ ರಚಿಸಬೇಕು, ಅಥವಾ ಆಯ್ಕೆಯನ್ನು ಇನ್ನೂ ಚಿಕ್ಕದು ಮಾಡಬೇಕು. ಸ್ಟೇಬಲ್ ಡಿಫ್ಯೂಷನ್ ಉಪಯೋಗಿಸುವವರಿಗೆ ಇಲ್ಲಿ ಒಂದು ಅನುಕೂಲವಿದೆ. ಡಿನಾಯ್ಸಿಂಗ್ ಸ್ಟ್ರೆಂತ್ ಎಂಬ ಅಳತೆಯಿಂದ ಇದ್ದ ಚಿತ್ರವನ್ನು ಎಷ್ಟು ಮಟ್ಟಿಗೆ ಬದಲಿಸಬೇಕೆಂದು ಹೇಳಬಹುದು. 0.3ರ ಆಸುಪಾಸಿನಲ್ಲಿ ಇಟ್ಟರೆ ಆಕಾರ ಉಳಿದು ಮೇಲ್ಮೈಯ ವಿವರ ಬರುತ್ತದೆ. 0.2ಕ್ಕಿಂತ ಕೆಳಗೆ ಹೆಚ್ಚಿನದೇನೂ ಆಗುವುದಿಲ್ಲ, 0.5 ದಾಟಿದರೆ ನೆರಿಗೆಗಳು ಜಾಗ ಬಿಟ್ಟು ಓಡಾಡತೊಡಗುತ್ತವೆ. ಆದರೆ ಕುಗ್ಗಿಸಿ ಬಿಡಿಸುವ ಹಂತದಲ್ಲಿ ಆಯ್ಕೆಯ ಹೊರಗಿನ ಅಸಲಿ ಪಿಕ್ಸೆಲ್‌ಗಳೂ ತುಸು ಬದಲಾಗಿರುತ್ತವೆ. ಹಾಗಾಗಿ ಬಂದ ಫಲಿತಾಂಶವನ್ನು ಇಡಿಯಾಗಿ ಒಪ್ಪಿಕೊಳ್ಳದೆ, ತೇಪೆಯಷ್ಟನ್ನೇ ಮಾಸ್ಕ್ ಹಾಕಿ ಮೂಲ ಚಿತ್ರದ ಮೇಲೆ ಕೂರಿಸಬೇಕು. ಮುಖದ ಒಂದು ಪಿಕ್ಸೆಲ್‌ ಕೂಡ ಯಂತ್ರದ ಮೂಲಕ ಹಾದುಬರಬಾರದು ಎನ್ನುವುದು ನನ್ನ ನಿಲುವು.

ತೇಪೆಗೆ ವಿವರ ಬಂತು, ಆದರೂ ಅದು ಬೇರೆಯಾಗಿಯೇ ಕಾಣುತ್ತದೆ. ಇದಕ್ಕೆ ಕಾರಣ ನಾಯ್ಸ್. ಕಲ್ಯಾಣ ಮಂಟಪದ ಮಂದ ಬೆಳಕಿನಲ್ಲಿ ತೆಗೆದ ಚಿತ್ರದಲ್ಲಿ ಮರಳು ಹುಡಿಯಂಥ ಸಣ್ಣ ಚುಕ್ಕೆಗಳು ಇದ್ದೇ ಇರುತ್ತವೆ, ರಚಿಸಿದ ಭಾಗದಲ್ಲಿ ಇರುವುದಿಲ್ಲ. ಹಿಗ್ಗಿಸುವ ಮೊದಲು ತೇಪೆಗೆ ಮಾತ್ರ ನಾಯ್ಸ್ ಹಾಕಿ ಸರಿಹೊಂದಿಸುವುದು ಹಲವರ ಅಭ್ಯಾಸ. ಕಲಿತ ಮಾದರಿಯಿಂದ ಹಿಗ್ಗಿಸುವುದಾದರೆ ಇದು ಅಪಾಯ: ಆ ಚುಕ್ಕೆಗಳನ್ನೇ ಅದು ಬಟ್ಟೆಯ ಒರಟೆಂದು ತಿಳಿದು ಹುಳದ ಹಾದಿಯಂಥ ಗೀರುಗಳಾಗಿ ಬೆಳೆಸಿಬಿಡುತ್ತದೆ. ಇದಕ್ಕಿಂತ ಒಳ್ಳೆಯದು ಮೊದಲು ಇಡೀ ಚಿತ್ರದ ನಾಯ್ಸನ್ನು ಹದವಾಗಿ ತೆಗೆದು, ಹಿಗ್ಗಿಸಿ, ಕೊನೆಯಲ್ಲಿ ಇಡೀ ಚಿತ್ರದ ಮೇಲೆ ಒಂದೇ ಸಮನಾದ ತೆಳು ಗ್ರೇನ್ ಹಾಸುವುದು. ಶೇಕಡಾ 50 ಬೂದು ತುಂಬಿದ ಲೇಯರ್‌ಗೆ ಒಂದೇ ಬಣ್ಣದ ಗಾಸಿಯನ್ ನಾಯ್ಸನ್ನು ಎರಡು ಮೂರು ಶೇಕಡ ಹಾಕಿ, ಓವರ್‌ಲೇ ಮೋಡಿನಲ್ಲಿ ಇಟ್ಟರೆ ಹಳೆಯದೂ ಹೊಸದೂ ಒಂದೇ ಹಾಸಿನ ಕೆಳಗೆ ಸೇರುತ್ತವೆ.

ಹಿಗ್ಗಿಸುವ ವಿಧಾನಗಳಲ್ಲಿ ಎರಡು ಜಾತಿ. ಬೈಕ್ಯೂಬಿಕ್‌ನಂಥ ಹಳೆಯ ವಿಧಾನ ಅಕ್ಕಪಕ್ಕದ ಪಿಕ್ಸೆಲ್‌ಗಳ ನಡುವೆ ಲೆಕ್ಕ ಹಾಕಿ ತುಂಬುತ್ತದೆ. ಸುಳ್ಳು ಹೇಳುವುದಿಲ್ಲ, ಆದರೆ ಮೆತ್ತಗಾಗುತ್ತದೆ. ಇನ್ನೊಂದು ಜಾತಿ ಲಕ್ಷಾಂತರ ಚಿತ್ರಗಳಿಂದ ಕಲಿತದ್ದು. 2021ರಲ್ಲಿ ಕ್ಯಾಮೆರಾ ರಾಗೆ ಬಂದ ಸೂಪರ್ ರೆಸಲ್ಯೂಷನ್ ಉದ್ದ ಅಗಲ ಎರಡನ್ನೂ ಇಮ್ಮಡಿ ಮಾಡುತ್ತದೆ; ಟೋಪಾಜ್‌ ಕಂಪನಿಯ ಗಿಗಾಪಿಕ್ಸೆಲ್‌, ಮುಕ್ತವಾಗಿ ಸಿಗುವ ರಿಯಲ್‌-ಇಎಸ್‌ಆರ್‌ಗ್ಯಾನ್‌, ಅದನ್ನು ಬಳಸುವ ಅಪ್‌ಸ್ಕೇಲ್‌ ಎಂಬ ಉಚಿತ ತಂತ್ರಾಂಶ ಇವೂ ಆ ಬಗೆಯವೇ. ಇವು ಕೂದಲನ್ನು ಚೂಪಾಗಿ ಕೊಡುತ್ತವೆ, ಆದರೆ ಅತಿಯಾದರೆ ಎಲ್ಲ ಎಳೆಗಳೂ ಒಂದೇ ದಪ್ಪದ ತಂತಿಗಳಾಗುತ್ತವೆ. ನಿಜವಾದ ಕೂದಲು ತುದಿಗೆ ಹೋದಂತೆ ಸಣ್ಣಗಾಗುತ್ತದೆ, ಒಂದರ ಕೆಳಗೊಂದು ನುಸುಳುತ್ತದೆ. ಹಿಗ್ಗಿಸಿದ ಚಿತ್ರದಲ್ಲಿ ಒಂದು ಎಳೆಯನ್ನು ಹಿಡಿದು ಕಣ್ಣಲ್ಲಿ ಹಿಂಬಾಲಿಸಿ. ಅದು ಹಾದಿಯಲ್ಲಿ ಎರಡಾಗಿ ಸೀಳಿದರೆ, ಪಕ್ಕದ ಎಳೆಯಲ್ಲಿ ಕರಗಿ ಒಂದಾದರೆ, ಅಥವಾ ಎಲ್ಲಿಂದಲೋ ಹುಟ್ಟಿ ಎಲ್ಲೋ ನಿಂತರೆ ಮಾದರಿ ಹೆಚ್ಚು ಊಹಿಸಿದೆ. ಬಟ್ಟೆಯಲ್ಲಿ ಪರೀಕ್ಷೆ ನೆರಿಗೆಯ ತಿರುವಿನಲ್ಲಿ. ಅಸಲಿ ನೂಲು ನೆರಿಗೆಯೊಡನೆ ಬಾಗುತ್ತದೆ; ಊಹೆಯ ನೇಯ್ಗೆ ನೆರಿಗೆಯನ್ನು ಲೆಕ್ಕಿಸದೆ ನೇರವಾಗಿ ಹೋಗುತ್ತದೆ, ಇಲ್ಲವೆ ಹಾವಿನ ಚರ್ಮದಂತೆ ಹೊಪ್ಪಳಿಸುತ್ತದೆ.

ನಮ್ಮ ಚಿತ್ರಕ್ಕೆ ಎಷ್ಟು ಹಿಗ್ಗಿಸಬೇಕು? ಸಾಮಾನ್ಯ ದೃಷ್ಟಿಯವರು 30 ಸೆಂಟಿಮೀಟರ್ ದೂರದಿಂದ ನೋಡಿದಾಗ ಇಂಚಿಗೆ ಸುಮಾರು 290 ಚುಕ್ಕೆಗಳವರೆಗೆ ಬಿಡಿಸಿ ನೋಡಬಲ್ಲರು. ಪ್ರಿಂಟ್‌ಗೆ 300 ಎಂಬ ಅಂಕಿಗೆ ಇದು ಹೊಂದುತ್ತದೆ. ಒಂದು ಮೀಟರ್ ದೂರದಿಂದಾದರೆ 90ಕ್ಕೂ ಕಡಿಮೆ ಸಾಕು. ಹಾಗೆ ನೋಡಿದರೆ ಗೋಡೆಯ ಮೇಲಿನ 20×30 ಚಿತ್ರಕ್ಕೆ ಇಂಚಿಗೆ 200 ಧಾರಾಳವಾಯಿತು. ಆದರೆ ಮದುವೆ ಚಿತ್ರವನ್ನು ಮನೆಯವರು ದೂರದಲ್ಲೇ ನಿಂತು ನೋಡುವುದಿಲ್ಲ, ಹತ್ತಿರ ಹೋಗಿ ಒಡವೆ, ಅಂಚು ತೋರಿಸಿ ಮಾತಾಡುತ್ತಾರೆ. ಆದ್ದರಿಂದ 300ಕ್ಕೆ ಏರಿಸುವುದು ನ್ಯಾಯ, ಅಂದರೆ 6000×9000 ಪಿಕ್ಸೆಲ್‌, ಒಂದೂವರೆ ಪಟ್ಟು. ಕಲಿತ ಮಾದರಿಯಿಂದ ಎರಡು ಪಟ್ಟಿಗೆ ಹಿಗ್ಗಿಸಿ ಅಲ್ಲಿಂದ ಒಂದೂವರೆಗೆ ಇಳಿಸಿದರೆ ತಂತಿ ತಂತಿಯಾದ ಒರಟು ಬಹಳಷ್ಟು ಅಡಗುತ್ತದೆ. ಅದೇ ಅಳತೆಗೆ ಬೈಕ್ಯೂಬಿಕ್‌ನಲ್ಲಿ ಹಿಗ್ಗಿಸಿದ ಇನ್ನೊಂದು ಪ್ರತಿಯನ್ನು ಕೆಳಗಿಟ್ಟು, ಮೇಲಿನ ಲೇಯರ್‌ನ ತೀವ್ರತೆಯನ್ನು ಕೂದಲಿಗೆ ಶೇಕಡಾ 60ರಷ್ಟಕ್ಕೆ, ಚರ್ಮಕ್ಕೆ ಅದಕ್ಕಿಂತ ಕಡಿಮೆಗೆ ಮಾಸ್ಕ್‌ನಿಂದ ಇಳಿಸಿದರೆ ಚಿತ್ರ ಉಸಿರಾಡುತ್ತದೆ. ಹಿಗ್ಗಿಸುವುದು ಒಂದೇ ಸಲ, ಇಡೀ ಚಿತ್ರಕ್ಕೆ ಒಟ್ಟಿಗೆ. ತೇಪೆಯನ್ನು ಬೇರೆಯಾಗಿ, ಉಳಿದುದನ್ನು ಬೇರೆಯಾಗಿ ಹಿಗ್ಗಿಸಿದರೆ ಗಡಿ ಮತ್ತೆ ಬಾಯಿಬಿಡುತ್ತದೆ.

ಈಗ, ಎಲ್ಲ ಮುಗಿದ ಮೇಲೆ, ಶಾರ್ಪ್ ಮಾಡುವ ಸರದಿ. ಅನ್‌ಶಾರ್ಪ್ ಮಾಸ್ಕ್ ಮಾಡುವುದು ಇಷ್ಟೇ: ಅಂಚುಗಳ ಒಂದು ಮಗ್ಗುಲನ್ನು ತುಸು ಕಪ್ಪು, ಇನ್ನೊಂದನ್ನು ತುಸು ಬಿಳುಪು ಮಾಡಿ ಅಂಚು ಎದ್ದು ಕಾಣುವಂತೆ ಮಾಡುತ್ತದೆ. ಆ ಕಪ್ಪು ಬಿಳುಪಿನ ಪಟ್ಟಿ ಕಣ್ಣಿಗೆ ಕಾಣದಷ್ಟು ಸಪೂರವಾಗಿರಬೇಕು. ಪ್ರಿಂಟ್‌ ಕೆಲಸದವರ ಒಂದು ಅಂದಾಜು, ಇಂಚಿಗೆ ಇರುವ ಪಿಕ್ಸೆಲ್‌ ಸಂಖ್ಯೆಯನ್ನು 200ರಿಂದ ಭಾಗಿಸಿದರೆ ಬರುವುದು ರೇಡಿಯಸ್‌. 300ಕ್ಕೆ ಒಂದೂವರೆ. ಕೂದಲಿಗೆ ನಾನು ಅದಕ್ಕಿಂತ ಕಡಿಮೆ, ಒಂದರ ಬಳಿ ಇರಲಿ ಎನ್ನುತ್ತೇನೆ. ದೊಡ್ಡ ರೇಡಿಯಸ್‌ನಲ್ಲಿ ಸಪೂರ ಎಳೆಗಳ ಪಟ್ಟಿಗಳು ಒಂದನ್ನೊಂದು ಮುಟ್ಟಿ ಕೂದಲು ನರೆತಂತೆ ಬೂದಾಗುತ್ತದೆ. ಬಟ್ಟೆಗೆ ಒಂದೂವರೆ ಒಪ್ಪುತ್ತದೆ. ಕೆನ್ನೆ, ಹಣೆ ಇವನ್ನು ಮಾಸ್ಕ್‌ನಿಂದ ಹೊರಗಿಡಿ. ಲೇಯರನ್ನು ಲ್ಯೂಮಿನಾಸಿಟಿ ಮೋಡಿನಲ್ಲಿ ಇಟ್ಟರೆ ಜರಿಯ ಅಂಚಿನಲ್ಲಿ ಬಣ್ಣದ ಗೆರೆ ಏಳುವುದಿಲ್ಲ. ಮ್ಯಾಟ್‌ ಕಾಗದದಲ್ಲಿ ಶಾಯಿ ಸ್ವಲ್ಪ ಹರಡುವುದರಿಂದ ಪರದೆಯ ಮೇಲೆ ಕೊಂಚ ಹೆಚ್ಚೆನಿಸುವಷ್ಟು ಶಾರ್ಪ್ ಬೇಕು, ಗ್ಲಾಸಿಗೆ ಅಷ್ಟು ಬೇಡ. ಕೆಲವು ಲ್ಯಾಬ್‌ಗಳು ತಾವಾಗಿಯೇ ಇನ್ನೊಂದು ಸುತ್ತು ಶಾರ್ಪ್ ಮಾಡುತ್ತವೆ. ಫೈಲ್‌ ಕೊಡುವಾಗಲೇ ಕೇಳಿ ಅದನ್ನು ನಿಲ್ಲಿಸಬೇಕು.

20×30 ಪ್ರಿಂಟ್‌ಗೆ ಹಣ ಕೊಡುವ ಮುನ್ನ, ತೇಪೆಯ ಗಡಿಯೂ ಮುಖದ ಒಂದು ಪಾಲೂ ಬರುವಂತೆ 8×10 ಇಂಚಿನ ಭಾಗವನ್ನು ಅದೇ ಕಾಗದದಲ್ಲಿ, ಅದೇ 300ರ ಲೆಕ್ಕದಲ್ಲಿ ತೆಗೆಸಿ ನೋಡಿ. ಚಿತ್ರವನ್ನು ಕುಗ್ಗಿಸಿ ಹಿಡಿಸಬಾರದು, ಕತ್ತರಿಸಿ ತೆಗೆಯಬೇಕು. ಪರದೆಯ ಮೇಲೆ ಶೇಕಡಾ 100ರಲ್ಲಿ ಕಂಡ ಹತ್ತು ತೊಂದರೆಗಳಲ್ಲಿ ಕೆಲವು ಕಾಗದದಲ್ಲಿ ಕಾಣುವುದೇ ಇಲ್ಲ, ಅವಕ್ಕೆ ರಾತ್ರಿಗಟ್ಟಲೆ ಕೂರಬೇಕಿಲ್ಲ.

ಆದರೆ ಈ ಎಲ್ಲ ಕ್ರಮ ಪಾಲಿಸಿದರೂ ಯಂತ್ರಕ್ಕೆ ಒಪ್ಪಿಸಬಾರದ ಒಂದು ಜಾಗವಿದೆ: ಸೀರೆಯ ಅಂಚು ಮತ್ತು ಸೆರಗಿನ ವಿನ್ಯಾಸ. ಇಳಕಲ್‌ ಸೀರೆಯ ತೋಪ್‌ ತೆನಿ ಸೆರಗಿನಲ್ಲಿ ಕೆಂಪು ನೆಲದ ಮೇಲೆ ಬಿಳಿ ತೆನೆಗಳ ಸಾಲು ಒಂದು ಲೆಕ್ಕಕ್ಕೆ ಬಂದಿರುತ್ತದೆ. ಚಿಕ್ಕಿ ಅಂಚು, ಗೋಮಿ ಅಂಚು ಎಂದು ನೇಕಾರರು ಹೆಸರಿಟ್ಟು ಗುರುತಿಸುವ ಭೇದಗಳಿವೆ. ಕಸೂತಿಯಂತೂ ನೂಲು ಎಣಿಸಿ ಹಾಕುವ ಕೆಲಸ. ರಚಿಸುವ ಮಾದರಿ ಇವುಗಳ ಒಂದು ಅಂದಾಜು ಹೋಲಿಕೆಯನ್ನು ಕೊಡುತ್ತದೆ, ಹಿಗ್ಗಿಸುವ ಮಾದರಿ ಆ ಅಂದಾಜನ್ನು ಚೂಪು ಮಾಡುತ್ತದೆ. ಕೊನೆಗೆ ಗೋಡೆಯ ಮೇಲೆ ಯಾವ ಮಗ್ಗದಲ್ಲೂ ನೇಯದ ಸೀರೆಯೊಂದು ಉಳಿಯುತ್ತದೆ. ಅದನ್ನು ಉಟ್ಟವಳಿಗೂ ಕೊಡಿಸಿದ ತಾಯಿಗೂ ಇದು ಮೊದಲ ನೋಟಕ್ಕೇ ತಿಳಿಯುತ್ತದೆ.

ಸಾದಾ ಒಡಲು, ನೆರಿಗೆ, ಕೂದಲು ಇವನ್ನು ರಚಿಸಿಕೊಳ್ಳಿ. ಅಂಚನ್ನು ಅದೇ ಚಿತ್ರದ ಬೇರೆ ಭಾಗದಿಂದ, ಅಥವಾ ಅದೇ ದಿನದ ಇನ್ನೊಂದು ಫೋಟೋದಿಂದ ನಕಲು ತೆಗೆದು ಬಾಗಿಸಿ ಕೂರಿಸಿ. ಅದೂ ಸಿಗದಿದ್ದರೆ ಮದುವೆ ಸೀರೆ ಹೇಗೂ ಬೀರುವಿನಲ್ಲಿ ಇದ್ದೇ ಇರುತ್ತದೆ. ಅದನ್ನು ತರಿಸಿ, ಬೆಳಕು ಬಂದ ಕಡೆಯಿಂದಲೇ ಬೆಳಕಿಟ್ಟು, ಯಾರದಾದರೂ ಭುಜದ ಮೇಲೆ ಅದೇ ರೀತಿ ಹೊದಿಸಿ ಒಂದು ಫೋಟೋ ತೆಗೆಯಿರಿ. ಹೊಸ ಫೋಟೋದ ಆ ಸೆರಗಿಗೆ ಹಿಗ್ಗಿಸುವ ಅಗತ್ಯವೇ ಬೀಳುವುದಿಲ್ಲ.